ಒಂಬತ್ತನೇ ತರಗತಿಯಲ್ಲಿ ನಿಂತುಹೋದ ಓದು: ಯಾದಗಿರಿ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ

ಶಹಾಪುರ ತಾಲ್ಲೂಕಿನ ಒಂದು ಹಳ್ಳಿ. ಊರಲ್ಲಿ ಎಂಟನೇ ತರಗತಿವರೆಗೆ ಮಾತ್ರ ಶಾಲೆಯಿದೆ. ಹೈಸ್ಕೂಲು 6 ಕಿಲೋಮೀಟರ್ ದೂರ. ಹುಡುಗಿಗೆ 14 ವರ್ಷ. ಹೆಸರು ಇಲ್ಲಿ ಬೇಡ.

ಅವಳು ಒಂದೇ ದಿನ ಶಾಲೆ ಬಿಡಲಿಲ್ಲ. ದೀಪಾವಳಿ ಮುಗಿದು ಹತ್ತಿ ಬಿಡಿಸುವ ಕೆಲಸ ಜಾಸ್ತಿಯಾದಾಗ ಆಗಾಗ ತಪ್ಪಿಸಿದಳು. ಆಮೇಲೆ ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋದರು. ಅಡುಗೆ, ತಮ್ಮನ ಆರೈಕೆ ಎಲ್ಲ ಅವಳ ಮೇಲೆ ಬಿತ್ತು. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಮುಟ್ಟಿನ ದಿನಗಳಲ್ಲಿ ಮನೆಯಲ್ಲೇ ಉಳಿದಳು. "ದೊಡ್ಡಾಕಿ ಆಗ್ಯಾಳ, ಇನ್ನ ಸಾಲಿ ಸಾಕು" ಎಂದಳು ಅಜ್ಜಿ. ಮದುವೆ ಮಾತೂ ಶುರುವಾಯಿತು.

2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಆದರೆ ಸಂಜೆ ಬಸ್ ಊರು ಮುಟ್ಟುವುದು ಕತ್ತಲಾದ ಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆಯೂ 14 ವರ್ಷಕ್ಕೇ ಮುಗಿಯುತ್ತದೆ. ಹುಡುಗಿಗೆ ಆಸರೆ ಬೇಕಾದ ವಯಸ್ಸೇ ಅದು, ಅಲ್ವಾ? ಇದು ನಿಜಕ್ಕೂ ಅನ್ಯಾಯ.

ಇಲ್ಲಿ ಕೆಲಸ ಮಾಡಿದ್ದು ಮನೆ ಭೇಟಿ. ಶಿಕ್ಷಕಿ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಅಜ್ಜಿಯನ್ನು ಒಪ್ಪಿಸಿದರು. 18 ತುಂಬದ ಮದುವೆ ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು ಎಂದೂ ತಿಳಿಸಿದರು. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು.

ಹಾಸ್ಟೆಲ್ ಸೀಟು ಗುಳೆ ಹೋಗುವ ಮೊದಲೇ ಸಿಗಬೇಕು. ಮೂರು ದಿನ ಸತತ ಗೈರಾದರೆ ಶಿಕ್ಷಕರು ಮನೆಗೆ ಹೋಗಬೇಕು. ಶೌಚಾಲಯಕ್ಕೆ ನೀರು, ಶಾಲೆ ಬಿಡುವ ಹೊತ್ತಿಗೆ ಬಸ್, ಇವೆರಡಕ್ಕೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಪಟ್ಟು ಹಿಡಿಯಬೇಕು.

ಅವಳು ಜೂನ್‌ನಲ್ಲಿ ಒಂಬತ್ತಕ್ಕೇ ಮತ್ತೆ ಸೇರಿದಳು. ಗಣಿತ, ಇಂಗ್ಲಿಷಿಗೆ ಹೆಚ್ಚುವರಿ ಪಾಠ ನಡೆಯುತ್ತಿದೆ.