ಜೂನ್‌ನಿಂದ ನಮ್ಮ ಊಟದ ಡಬ್ಬಿ: ಎರಡು ವಾರದ ಸರದಿ

ಅಕ್ಕ, ಮತ್ತು ಬೆಳಗಿನ ಪಾಳಿಯ ಇಬ್ಬರಿಗೂ,

ಜೂನ್ ಮೊದಲ ಸೋಮವಾರದಿಂದ ಈ ಪಟ್ಟಿಯಂತೆ ಅಡುಗೆ ಮಾಡೋಣ. ದಿನಕ್ಕೆ 60 ಡಬ್ಬಿ, ಭಾನುವಾರ ರಜೆ. ಆ್ಯಪ್‌ನಲ್ಲಿ ಒಮ್ಮೆ ತರಿಸಿ ಮರೆಯುವವರಿಗೆ ಸರದಿಯ ಗೊಡವೆ ಇಲ್ಲ. ನಮ್ಮಲ್ಲೇ ವಾರದ ಆರು ದಿನವೂ ಊಟ ಮಾಡುವ ತಿಂಗಳ ಗಿರಾಕಿಗಳು 22 ಮಂದಿ ಇದ್ದಾರಲ್ಲ, ಅವರಿಗಾಗಿಯೇ ಇದನ್ನು ಹೆಣೆದಿದ್ದೇನೆ.

ಮೊದಲ ವಾರ
ಸೋಮ: ಅನ್ನ, ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ, ಹಪ್ಪಳ
ಮಂಗಳ: ನಿಂಬೆಹಣ್ಣಿನ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಮೊಸರು
ಬುಧ: ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಸ್ವಲ್ಪ ಅನ್ನ, ತಿಳಿಸಾರು
ಗುರು: ಬಿಸಿಬೇಳೆಬಾತ್, ಖಾರಾಬೂಂದಿ
ಶುಕ್ರ: ಅನ್ನ, ಹುರುಳಿಕಟ್ಟಿನ ಸಾರು, ಹುರುಳಿಕಾಳಿನ ಪಲ್ಯ, ಮಜ್ಜಿಗೆ
ಶನಿ: ಪುಳಿಯೋಗರೆ, ಮೊಸರನ್ನ

ಎರಡನೆಯ ವಾರ
ಸೋಮ: ಅನ್ನ, ಮಸ್ಸೊಪ್ಪು, ಹಪ್ಪಳ
ಮಂಗಳ: ವಾಂಗಿಬಾತ್, ಮೊಸರು
ಬುಧ: ಚಪಾತಿ, ಮಡಕೆಕಾಳಿನ ಉಸಲಿ, ಸ್ವಲ್ಪ ಅನ್ನ, ತಿಳಿಸಾರು
ಗುರು: ಮೆಂತ್ಯಸೊಪ್ಪಿನ ಪಲಾವ್, ಈರುಳ್ಳಿ ಮೊಸರುಬಜ್ಜಿ
ಶುಕ್ರ: ಅನ್ನ, ಮೊಳಕೆ ಹೆಸರುಕಾಳಿನ ಸಾರು, ಬೀನ್ಸ್ ಪಲ್ಯ
ಶನಿ: ಪುಳಿಯೋಗರೆ, ಮೊಸರನ್ನ

ಸಾರು-ಅನ್ನದ ಮರುದಿನ ಕಲಸಿದ ಅನ್ನ, ಅದರ ಮರುದಿನ ಚಪಾತಿ. ಡಬ್ಬಿ ತೆರೆದಾಗ ನಿನ್ನೆಯದೇ ರೂಪ ಕಾಣಬಾರದು ಎಂಬುದು ಗಿರಾಕಿಯ ಕಡೆಯ ಲೆಕ್ಕ. ನಮ್ಮ ಕಡೆಯ ಲೆಕ್ಕ ಬೇರೆ: ಒಂದು ಪಾತ್ರೆ ಒಲೆಗೇರಿದರೆ ಅದರಿಂದ ಎರಡು ಪದಾರ್ಥ ಇಳಿಯಬೇಕು. ನಮ್ಮ ಹಿರಿಯರು ಬಸ್ಸಾರಿನಲ್ಲಿ ಇದನ್ನು ಎಂದೋ ಸಾಧಿಸಿದ್ದಾರೆ. ಒಂದೂವರೆ ಕಿಲೋ ತೊಗರಿಬೇಳೆಯನ್ನು ಸೊಪ್ಪಿನೊಂದಿಗೆ ಬೇಯಿಸಿ ಬಸಿದರೆ ಕಟ್ಟು ಸಾರಿಗೆ, ಉಳಿದದ್ದು ಒಗ್ಗರಣೆಗೆ. ಬೇಳೆ ಅರಳಬೇಕು, ಕರಗಬಾರದು. ಕರಗಿದರೆ ಪಲ್ಯ ಮುದ್ದೆಯಾಗುತ್ತದೆ. ಶುಕ್ರವಾರದ ಹುರುಳಿಯದೂ ಇದೇ ಕ್ರಮ. 1.8 ಕಿಲೋ ಕಾಳನ್ನು ಗುರುವಾರ ರಾತ್ರಿ ಬೀಗ ಹಾಕುವ ಮುನ್ನ ನೆನೆಹಾಕಬೇಕು. ಇದನ್ನು ಮರೆತರೆ ಶುಕ್ರವಾರ ಕೈಕಟ್ಟಿ ಕೂರಬೇಕಾಗುತ್ತದೆ.

ಶನಿವಾರ ಒಲೆಯ ಕೆಲಸ ಕಡಿಮೆ. ಪುಳಿಯೋಗರೆ ಗೊಜ್ಜು ಮೊದಲೇ ಸಿದ್ಧವಿರುತ್ತದೆ. ಅಂದು ಮಧ್ಯಾಹ್ನ ಮುಂದಿನ ವಾರದ ಪುಡಿ ಹುರಿಯೋಣ. ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿಯ ಮೂಲ ಹುರಿತ ಒಂದೇ. ಅರ್ಧವನ್ನು ಹಾಗೆಯೇ ಸಾರಿಗೆ ಎತ್ತಿಟ್ಟು, ಉಳಿದರ್ಧಕ್ಕೆ ಚಕ್ಕೆ, ಲವಂಗ, ಮರಾಠಿ ಮೊಗ್ಗು ಸೇರಿಸಿದರೆ ಒಂದು ವಾರ ಬಿಸಿಬೇಳೆಬಾತಿಗೆ, ಇನ್ನೊಂದು ವಾರ ವಾಂಗಿಬಾತಿಗೆ ಆಯಿತು. ಎಣ್ಣೆಗಾಯಿಗೆ ಹುರಿಯುವ ಕಡಲೆಬೀಜ, ಎಳ್ಳನ್ನು ತುಸು ಹೆಚ್ಚಾಗಿಯೇ ಹುರಿಯಿರಿ. ಪುಳಿಯೋಗರೆಗೂ ಅದೇ ಬೇಕು.

ಡಬ್ಬಿಯ ಬೆಲೆ 120 ರೂಪಾಯಿ. ದಿನಸಿ ಮತ್ತು ತರಕಾರಿಯ ಖರ್ಚು ವಾರದ ಸರಾಸರಿಯಲ್ಲಿ 42 ರೂಪಾಯಿ ದಾಟಬಾರದು. ಮೊದಲ ವಾರಕ್ಕೆ ನಾನು ಹಾಕಿದ ಲೆಕ್ಕ ಸೋಮವಾರದಿಂದ ಕ್ರಮವಾಗಿ 36, 34, 48, 46, 37, 39, ಸರಾಸರಿ 40. ಎಣ್ಣೆಗಾಯಿ ಮಿತಿ ಮೀರುತ್ತದೆ ಎಂದು ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಆ ಒಂದು ಪದಾರ್ಥಕ್ಕಾಗಿ ಬುಧವಾರ ಕಾಯುವವರಿದ್ದಾರೆ, ಹಿಂದುಮುಂದಿನ ಅಗ್ಗದ ದಿನಗಳು ಅದನ್ನು ಹೊರುತ್ತವೆ. ಮಳೆ ಹಿಡಿದು ಟೊಮೆಟೊ ಬೆಲೆ ಏರಿದರೆ ತಿಳಿಸಾರಿಗೆ ಟೊಮೆಟೊ ಇಳಿಸಿ, ಹುಣಸೆರಸ ಏರಿಸಿ. ಸೊಪ್ಪು ಕೊಳೆತು ಬರುತ್ತಿರುವ ದಿನಗಳಲ್ಲಿ ಸೋಮವಾರ ದಂಟೇ ಬೇಕೆಂದು ಹಟ ಬೇಡ. ಹುರುಳಿಯನ್ನು ಸೋಮವಾರಕ್ಕೆ ತಂದು, ಸೊಪ್ಪನ್ನು ಶುಕ್ರವಾರಕ್ಕೆ ದೂಡೋಣ. ಹಾಗೆ ಮಾಡುವುದಾದರೆ ಶನಿವಾರವೇ ತೀರ್ಮಾನಿಸಬೇಕು, ಕಾಳು ನೆನೆಯಬೇಕಲ್ಲ.

ಡಬ್ಬಿ ಮನೆ ಮುಟ್ಟಲು ಸುಮಾರು 40 ನಿಮಿಷ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ನಾನೇ ಇಳಿಸಿದ ಬಿಸಿಬೇಳೆಬಾತ್ ಒಲೆಯ ಮೇಲೆ ಹದವಾಗಿತ್ತು, ಗಿರಾಕಿಯ ತಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು. ಇನ್ನು ಮುಂದೆ ಸೌಟಿನಿಂದ ಹುಳಿಯಂತೆ ಜಾರುವಾಗಲೇ ಇಳಿಸಿ, ಬಿಸಿಯಿರುವಾಗಲೇ ತುಂಬಿ. ಕೋಸಂಬರಿಗೆ ಉಪ್ಪು, ನಿಂಬೆರಸ ಡಬ್ಬಿಗೆ ಹಾಕುವ ಹೊತ್ತಿಗೇ ಬೆರೆಯಲಿ. ಮೊದಲೇ ಬೆರೆಸಿದರೆ ಸೌತೆಕಾಯಿ ನೀರು ಬಿಡುತ್ತದೆ. ಹುರುಳಿಸಾರಿಗೆ ರಾಗಿಮುದ್ದೆ ಕೊಡಿ ಎಂದು ಅನೇಕರು ಕೇಳುತ್ತಾರೆ. ನನಗೂ ಆಸೆಯೇ. ಆದರೆ ಆರಿ ಬಿರುಸಾದ ಮುದ್ದೆಯನ್ನು ನಮ್ಮ ಹೆಸರಿನಲ್ಲಿ ಕಳಿಸಲಾರೆ. ಇಡ್ಲಿ, ದೋಸೆ ಹಿಟ್ಟಿನ ಗೋಜು ಸದ್ಯಕ್ಕೆ ಬೇಡ.

ಅನ್ನ ಉಳಿಯದಂತೆ ಅಕ್ಕಿ ಅಳೆಯಿರಿ, ಡಬ್ಬಿಗೆ 100 ಗ್ರಾಂ, ಒಟ್ಟು 6 ಕಿಲೋ. ಚಪಾತಿ ಇರುವ ಬುಧವಾರ 3 ಕಿಲೋ ಸಾಕು. ಉಳಿದ ಅನ್ನವನ್ನು ಮರುದಿನದ ಚಿತ್ರಾನ್ನಕ್ಕೆ ಎಂದು ಹೊರಗಿಡುವುದು ಬೇಡವೇ ಬೇಡ.

ಅಕ್ಕ, ಒಂದು ಕೆಲಸ ನಿಮಗೆ. ತಿಂಗಳ ಗಿರಾಕಿಗಳ ಸ್ಟೀಲ್ ಡಬ್ಬಿಗಳು ಸಂಜೆ ಮರಳಿ ಬರುತ್ತವೆ. ತೊಳೆಯುವ ಮೊದಲು ಮುಚ್ಚಳ ತೆಗೆದು ಏನು ಉಳಿದಿದೆ ನೋಡಿ, ಫ್ರಿಜ್ ಪಕ್ಕದ ಹಾಳೆಯಲ್ಲಿ ಆ ಪದಾರ್ಥದ ಎದುರು ಒಂದು ಗೀಟು ಎಳೆಯಿರಿ. ಎರಡು ಸರದಿ ಮುಗಿದ ಭಾನುವಾರ ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂರೋಣ.