ಸ್ಕಾಲರ್‌ಶಿಪ್ ಕೊಟ್ಟ ಮೇಡಂ ಅವರಿಗೆ

ರಾಯಚೂರು
12 ಜುಲೈ 2025

ಮೇಡಂ ಅವರಿಗೆ ನಮಸ್ಕಾರಗಳು,

ನಾನು ರೇಣುಕಾ, ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ನಿಮ್ಮ ತಾಯಿಯವರ ಹೆಸರಿನಲ್ಲಿ ಕೊಡುವ 40,000 ರೂಪಾಯಿ ಸ್ಕಾಲರ್‌ಶಿಪ್ ಈ ವರ್ಷ ನನಗೆ ಸಿಕ್ಕಿತು. ಮೊದಲ ಸೆಮಿಸ್ಟರ್ ರಿಸಲ್ಟ್ ಬಂದ ಮೇಲೆ ಬರೆಯೋಣ ಎಂದು ಕಾದೆ. ತಡವಾಯಿತು, ಕ್ಷಮಿಸಿ.

ನಮ್ಮೂರು ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. 2023ರ ಬರದಲ್ಲಿ ನಮ್ಮ ಎರಡು ಎಕರೆಗೆ ನೀರೇ ಬರಲಿಲ್ಲ. ಆಗ ಮಾಡಿದ ಸಾಲ ಇನ್ನೂ ತೀರಿಲ್ಲ. ಕಾಲೇಜಿಗೆ ಸೇರುವ ಹೊತ್ತಿಗೆ ಅಪ್ಪ, "ಒಂದು ವರ್ಷ ತಡಿಯವ್ವ" ಅಂದಿದ್ದರು. ಅವ್ವ ಮಾತ್ರ ಕಿವಿಯ ಓಲೆ ಅಡ ಇಟ್ಟು ಮೊದಲ ಕಂತು ಕಟ್ಟಿದಳು. ಉಳಿದ ಫೀಸಿಗೆ ಏನು ದಾರಿ ಅಂತ ಮೂವರಿಗೂ ಗೊತ್ತಿರಲಿಲ್ಲ. ಆಗ ನಿಮ್ಮ ಹಣ ಬಂತು.

ಅದರಲ್ಲಿ 31,500 ಫೀಸಿಗೆ ಹೋಯಿತು. ಪುಸ್ತಕಗಳಿಗೆ 4,200, ಯೂನಿಫಾರ್ಮ್ ಮತ್ತು ಬಿಳಿ ಶೂಗೆ 2,900, ಒಂದು ವಾಚಿಗೆ 650. ಉಳಿದ 750 ಬ್ಯಾಂಕಿನಲ್ಲೇ ಇದೆ, ನೋಟ್‌ಬುಕ್ ಖರ್ಚಿಗೆ ಇಟ್ಟುಕೊಂಡಿದ್ದೇನೆ.

ವಾಚಿನ ಬಗ್ಗೆ ಹೇಳಬೇಕು. ನಾಡಿ ಎಣಿಸುವುದಕ್ಕೆ ಸೆಕೆಂಡ್ ಮುಳ್ಳಿನ ವಾಚ್ ಬೇಕೇ ಬೇಕು. ವಾರ್ಡಿನಲ್ಲಿ ಮೊದಲ ದಿನ ಒಬ್ಬ ಅಜ್ಜಿಯ ಮಣಿಕಟ್ಟು ಹಿಡಿದೆ. ನನ್ನ ಕೈಯೇ ನಡುಗುತ್ತಿತ್ತು, ಎಣಿಕೆ ತಪ್ಪಿತು. ಅಜ್ಜಿ ಸುಮ್ನೆ ಕೈ ಚಾಚಿಕೊಂಡೇ ಮಲಗಿದ್ದರು. ಮತ್ತೆ ಪೂರ್ತಿ ಒಂದು ನಿಮಿಷ ಎಣಿಸಿದೆ, 78 ಬಂತು. ಸಿಸ್ಟರ್ ತಾವೂ ಎಣಿಸಿ ನೋಡಿ "ಸರಿ ಇದೆ, ಬರಿ" ಅಂದರು. ಆ ದಿನ ಸಂಜೆ ಮನೆಗೆ ಫೋನ್ ಮಾಡಿ ಮೊದಲು ಹೇಳಿದ್ದು ಇದನ್ನೇ.

ಪಿಯುಸಿವರೆಗೆ ನಾನು ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಓದಿದವಳು. ಅನಾಟಮಿ ಪುಸ್ತಕದ ಒಂದು ಪುಟ ಓದಲು ಒಂದು ಗಂಟೆ ಬೇಕಾಗುತ್ತಿತ್ತು. ಪುಸ್ತಕ ನನ್ನದೇ ಆಗಿದ್ದರಿಂದ ಪದಗಳ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಲೈಬ್ರರಿ ಪುಸ್ತಕದಲ್ಲಿ ಹಾಗೆ ಬರೆಯಲು ಆಗುವುದಿಲ್ಲ, ಅಲ್ವಾ? ಎಲ್ಲ ವಿಷಯ ಪಾಸಾಗಿದ್ದೇನೆ. ಅನಾಟಮಿಯಲ್ಲಿ 64 ಬಂದಿದೆ. ಅಷ್ಟೇನೂ ಜಾಸ್ತಿ ಅಲ್ಲ, ಆದರೆ ಮೊದಲ ಇಂಟರ್ನಲ್‌ನಲ್ಲಿ ಫೇಲ್ ಆಗಿದ್ದೆ.

ರಜೆಗಳಲ್ಲಿ ಅವ್ವನ ಜೊತೆ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದೆ. ಈ ಸಲ ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಹೋಗಲಿಲ್ಲ, ಕೂತು ಓದಿದೆ. ಮೇಡಂ, ನಿಮ್ಮಿಂದ ನನಗೆ ಸಿಕ್ಕಿದ್ದು ಆ ದಿನಗಳು. ಅದಕ್ಕೆ ನಾನು ತುಂಬಾ ಋಣಿ.

ನೀವು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು ಎಂದು ಕಾಲೇಜಿನಲ್ಲಿ ಹೇಳಿದರು. ನಿಮ್ಮ ತಾಯಿಯವರ ಬಗ್ಗೆಯೂ ತಿಳಿಯುವ ಆಸೆ ಇದೆ. ಬಿಡುವಾದಾಗ ಎರಡು ಸಾಲು ಬರೆದರೆ ಸಂತೋಷ.

ಫೀಸಿನ ರಸೀದಿ ಮತ್ತು ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಅಪ್ಪ, ಅವ್ವ ನಿಮಗೆ ನಮಸ್ಕಾರ ತಿಳಿಸಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ರೇಣುಕಾ