ಡೇಟಾಶೀಟಿನ ಮಾನಗಳು, ಟಾಲರೆನ್ಸ್ ಮತ್ತು ಮಾಡೆಲ್ ಕೋಡ್: ಖರೀದಿ ವಿಭಾಗಕ್ಕೆ ವಿವರಣಾ ಟಿಪ್ಪಣಿ

ಇವರಿಗೆ: ಖರೀದಿ ಎಂಜಿನಿಯರ್, ಕಾಫಿ ಕ್ಯೂರಿಂಗ್ ಘಟಕ, ಕುಶಾಲನಗರ
ಇವರಿಂದ: ನಿರ್ವಹಣಾ ವಿಭಾಗ
ವಿಷಯ: ಹಂಗಾಮಿನ ಮುಂಚಿನ ಖರೀದಿಗೆ ಬಂದಿರುವ ಕೊಟೇಶನ್‌ಗಳ ತಾಂತ್ರಿಕ ಹೋಲಿಕೆ

ಮಾನ್ಯರೇ,

ಗ್ರೇಡರಿನ ಜರಡಿ, ಹಲ್ಲರಿನ ಬೇರಿಂಗ್ ಮತ್ತು ಮೋಟಾರ್, ಡ್ರೈಯರಿನ ಉಷ್ಣ ಸೆನ್ಸರ್ ಹಾಗೂ ಮಡಿಕೇರಿ ಬಳಿಯ ನಮ್ಮ ಪಲ್ಪಿಂಗ್ ಘಟಕದ ಬ್ಲೋವರ್‌ಗಾಗಿ ನೀವು ಸಿದ್ಧಪಡಿಸಿದ ತುಲನಾ ಪಟ್ಟಿಯನ್ನು ನೋಡಿದ್ದೇನೆ. ಬೆಲೆ, ತೆರಿಗೆ ಮತ್ತು ಪೂರೈಕೆಯ ಅವಧಿಯ ಕಾಲಂಗಳು ಅಚ್ಚುಕಟ್ಟಾಗಿವೆ. ಆದರೆ ಒಂದೇ ಸಾಲಿನಲ್ಲಿ ಕೂರಿಸಿರುವ ಮೂರು ಸರಕುಗಳು ಹಲವು ಕಡೆ ಒಂದೇ ಸರಕಲ್ಲ. ಡೇಟಾಶೀಟಿನ ಮಾನ, ಟಾಲರೆನ್ಸ್ ಮತ್ತು ಕೋಡಿನ ಬಾಲದಲ್ಲಿರುವ ಅಕ್ಷರಗಳನ್ನು ಓದಿದ ಮೇಲಷ್ಟೇ ಆ ಬೆಲೆಗಳನ್ನು ಪಕ್ಕಪಕ್ಕ ಇಡಲು ಸಾಧ್ಯ.

ಜರಡಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅತಿ ಅಗ್ಗದ ಈ ವಸ್ತುವಿನಲ್ಲೇ ನಷ್ಟದ ಸಾಧ್ಯತೆ ಹೆಚ್ಚು. ಜರಡಿಯ ನಂಬರ್ ಎಂದರೆ ತೂತಿನ ವ್ಯಾಸವನ್ನು ಇಂಚಿನ 64ನೇ ಭಾಗಗಳಲ್ಲಿ ಹೇಳುವ ಅಂಕೆ. 17ನೇ ನಂಬರ್ ಎಂದರೆ 17/64 ಇಂಚು, ಅಂದರೆ 6.75 ಮಿ.ಮೀ.; 18ನೇ ನಂಬರ್ ಎಂದರೆ 7.14 ಮಿ.ಮೀ. ಎರಡರ ನಡುವಿನ ಅಂತರ ಸುಮಾರು 0.4 ಮಿ.ಮೀ. ಮಾತ್ರ. ಎರಡನೆಯ ಸರಬರಾಜುದಾರರ ಡ್ರಾಯಿಂಗಿನ ಕೆಳಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ `ISO 2768-m` ಎಂದಿದೆ. ಪ್ರತ್ಯೇಕವಾಗಿ ಟಾಲರೆನ್ಸ್ ನಮೂದಿಸದ ಅಳತೆಗಳಿಗೆಲ್ಲ ಅನ್ವಯಿಸುವ ಸಾಮಾನ್ಯ ಟಾಲರೆನ್ಸ್ ಅದು. 6ರಿಂದ 30 ಮಿ.ಮೀ.ವರೆಗಿನ ಅಳತೆಗೆ ಅದು ±0.2 ಮಿ.ಮೀ. ಬಿಟ್ಟುಕೊಡುತ್ತದೆ. ಹಾಗಾದರೆ 17ನೇ ನಂಬರಿನ ತೂತು 6.95 ಮಿ.ಮೀ. ಇದ್ದರೂ, 18ನೇ ನಂಬರಿನ ತೂತು 6.94 ಮಿ.ಮೀ. ಇದ್ದರೂ ಡ್ರಾಯಿಂಗಿನ ಪ್ರಕಾರ ಎರಡೂ ಸರಿಯೇ! ಅಂಥ ಹಾಳೆಗಳನ್ನು ಹಾಕಿದರೆ ಎರಡು ಗ್ರೇಡಿನ ಬೀಜ ಒಂದೇ ಚೀಲ ಸೇರುತ್ತದೆ, ಸರಬರಾಜುದಾರರನ್ನು ಪ್ರಶ್ನಿಸಲು ನಮಗೆ ಆಧಾರವೂ ಇರುವುದಿಲ್ಲ. ಆದ್ದರಿಂದ ಖರೀದಿ ಆದೇಶದಲ್ಲಿ ಬರಿಯ ನಂಬರ್ ಬರೆಯದೆ, ತೂತಿನ ವ್ಯಾಸವನ್ನು ಮಿ.ಮೀ.ನಲ್ಲಿ ಬರೆದು, ಟಾಲರೆನ್ಸ್ ±0.1 ಮಿ.ಮೀ. ಮೀರಬಾರದೆಂದು ಅದೇ ಸಾಲಿನಲ್ಲಿ ಸೇರಿಸಬೇಕು. ಹಾಳೆಯ ದಪ್ಪವನ್ನೂ ಗೇಜಿನಲ್ಲಿ ಬರೆಯಬೇಡಿ. ಗೇಜ್ ಪಟ್ಟಿಗಳು ಒಂದಕ್ಕಿಂತ ಹೆಚ್ಚಿವೆ, ಮಿ.ಮೀ. ಒಂದೇ.

ಬೇರಿಂಗಿನ ವಿಷಯ ಹೀಗಿದೆ. ನಮಗೆ ಬೇಕಾದದ್ದು:

```
6206-2RS/C3
```

ಮೊದಲ 6 ಡೀಪ್ ಗ್ರೂವ್ ಬಾಲ್ ಬೇರಿಂಗನ್ನು, ನಂತರದ 2 ಅಳತೆಯ ಸರಣಿಯನ್ನು ಸೂಚಿಸುತ್ತವೆ. ಕೊನೆಯ 06 ಅನ್ನು 5ರಿಂದ ಗುಣಿಸಿದರೆ ಒಳವ್ಯಾಸ 30 ಮಿ.ಮೀ. ಎಂದು ತಿಳಿಯುತ್ತದೆ, ಹೊರವ್ಯಾಸ 62, ಅಗಲ 16 ಮಿ.ಮೀ. ಈ ಗುಣಾಕಾರ 04ರಿಂದ ಮೇಲಿನ ಅಂಕೆಗಳಿಗೆ ಮಾತ್ರ ಸಲ್ಲುತ್ತದೆ: 00, 01, 02, 03 ಎಂದರೆ ಕ್ರಮವಾಗಿ 10, 12, 15, 17 ಮಿ.ಮೀ. 2RS ಎಂದರೆ ಎರಡೂ ಬದಿಗೆ ರಬ್ಬರ್ ಸೀಲ್. ಒಂದು ಕೊಟೇಶನ್‌ನಲ್ಲಿರುವ ZZ ಎಂದರೆ ಲೋಹದ ಮುಚ್ಚಳ. ಒಳ ರಿಂಗನ್ನು ಮುಟ್ಟದ ಆ ಮುಚ್ಚಳ ಹಲ್ಲರ್ ಕೋಣೆಯ ಹೊಟ್ಟಿನ ಧೂಳನ್ನು ಪೂರ್ತಿ ತಡೆಯಲಾರದು. C3 ಎಂದರೆ ಗುಂಡು ಮತ್ತು ರಿಂಗುಗಳ ನಡುವಿನ ಒಳಸಡಿಲ ಸಾಮಾನ್ಯಕ್ಕಿಂತ ಹೆಚ್ಚಿದೆ ಎಂದರ್ಥ. ಬಿಸಿಯಾದಾಗ ಒಳ ರಿಂಗ್ ಹಿಗ್ಗಿ ಆ ಜಾಗ ಕಡಿಮೆಯಾಗುವುದರಿಂದ ಹಲ್ಲರಿಗೆ ಅದು ಬೇಕು. C3 ಎಂಬುದು ಗುಣಮಟ್ಟದ ದರ್ಜೆಯಲ್ಲ. ಅದನ್ನು "ಮೂರನೇ ದರ್ಜೆ" ಎಂದು ಅಂಗಡಿಯವರೇ ತಪ್ಪು ಹೇಳುವುದುಂಟು.

ಮೋಟಾರಿನ ಕೋಡಿನಲ್ಲಿ ಪ್ರತಿ ಕಂಪನಿಗೂ ತನ್ನದೇ ಅಕ್ಷರಮಾಲೆ ಇರುವುದರಿಂದ, ಆ ಕೋಡ್‌ಗಳನ್ನು ಬಿಟ್ಟು ಎಲ್ಲರಿಗೂ ಸಮಾನವಾದ ಈ ಸಾಲನ್ನು ಹೋಲಿಸಿ:

```
7.5 kW  4P  132M  B3  IP55  S1  IE3
```

132 ಎಂದರೆ ಪಾದದ ತಳದಿಂದ ಶಾಫ್ಟಿನ ನಡುವಿನವರೆಗಿನ ಎತ್ತರ, ಮಿ.ಮೀ.ನಲ್ಲಿ, M ಎಂಬುದು ಫ್ರೇಮಿನ ಉದ್ದ. ಇಲ್ಲಿ 132S ಬಂದರೆ ಪಾದದ ಬೋಲ್ಟ್ ತೂತುಗಳು ನಮ್ಮ ಬುನಾದಿಗೆ ಕೂಡುವುದಿಲ್ಲ. B3 ಎಂದರೆ ಪಾದದ ಮೇಲೆ ಕೂರುವುದು, B5 ಎಂದರೆ ಫ್ಲ್ಯಾಂಜ್. S1 ನಿರಂತರ ದುಡಿಮೆ. ಶಾಫ್ಟಿನ ಅಳತೆ `38 k6` ಎಂದಿದ್ದರೆ ಅದು 38.002ರಿಂದ 38.018 ಮಿ.ಮೀ. ಒಳಗಿರುತ್ತದೆ, ಪುಲ್ಲಿಯ ತೂತು `38 H7` ಎಂದಿದ್ದರೆ 38.000ರಿಂದ 38.025. ಸಣ್ಣಕ್ಷರ ಶಾಫ್ಟಿಗೆ, ದೊಡ್ಡಕ್ಷರ ತೂತಿಗೆ. ಆದ್ದರಿಂದ ಟೈಪ್ ಮಾಡುವಾಗ ಎಲ್ಲವನ್ನೂ ದೊಡ್ಡಕ್ಷರ ಮಾಡಿಬಿಡಬೇಡಿ. ಮಾನಗಳಲ್ಲೂ ಇದೇ ಎಚ್ಚರ ಬೇಕು: mW ಮಿಲಿವ್ಯಾಟ್, MW ಮೆಗಾವ್ಯಾಟ್.

15 ಶೇಕಡಾ ಟಾಲರೆನ್ಸ್ ಎಂದರೆ ಮೋಟಾರಿನ ದಕ್ಷತೆ ಅಷ್ಟು ಇಳಿಯಬಹುದೇ ಎಂದು ನೀವು ಕೇಳಿದ ಪ್ರಶ್ನೆ ಸರಿಯಾದದ್ದೇ. ಈ ಮೋಟಾರಿಗೆ IE3 ದರ್ಜೆಯಲ್ಲಿ 50 ಹರ್ಟ್ಜ್‌ಗೆ ನಿಗದಿಯಾದ ದಕ್ಷತೆ 90.4 ಶೇಕಡಾ. IEC 60034-1ರ ಪ್ರಕಾರ 150 ಕಿಲೋವ್ಯಾಟ್‌ವರೆಗಿನ ಮೋಟಾರಿಗೆ 15 ಶೇಕಡಾ ಟಾಲರೆನ್ಸ್ ಇದೆಯೆಂದರೆ ದಕ್ಷತೆಯೇ 15 ಶೇಕಡಾ ಇಳಿಯಬಹುದೆಂದಲ್ಲ. ಆ ಲೆಕ್ಕ ನಷ್ಟದ ಮೇಲೆ: 100ರಿಂದ 90.4 ಕಳೆದರೆ 9.6, ಅದರ 15 ಶೇಕಡಾ 1.44. ಆದ್ದರಿಂದ ಪರೀಕ್ಷೆಯಲ್ಲಿ ಸುಮಾರು 88.96ರವರೆಗೆ ಬಂದರೂ ಅದು ಟಾಲರೆನ್ಸಿನ ಒಳಗೇ ಇರುತ್ತದೆ.

ಡ್ರೈಯರಿನ ಸೆನ್ಸರಿಗೆ ಒಬ್ಬರು Pt100 ಕ್ಲಾಸ್ B, ಇನ್ನೊಬ್ಬರು K ಟೈಪ್ ಥರ್ಮೋಕಪಲ್ ಕ್ಲಾಸ್ 2 ಕೊಟ್ಟಿದ್ದಾರೆ. ಮೊದಲನೆಯದರ ಟಾಲರೆನ್ಸ್ ಸೂತ್ರ ಹೀಗಿದೆ:

```
±(0.30 + 0.005 × |t|) °C
```

60 ಡಿಗ್ರಿಯಲ್ಲಿ ಇದು ±0.6 ಡಿಗ್ರಿ. ಥರ್ಮೋಕಪಲ್‌ಗೆ ಅದೇ ಉಷ್ಣದಲ್ಲಿ ±2.5 ಡಿಗ್ರಿ. ಕಾಫಿ ಒಣಗಿಸಲು ನನ್ನ ಆಯ್ಕೆ Pt100. ಪ್ರೆಷರ್ ಗೇಜಿನಲ್ಲಿ "±0.5% FS" ಎಂದಿದ್ದರೆ ಆ ಶೇಕಡಾ ಪೂರ್ಣ ವ್ಯಾಪ್ತಿಯದ್ದು: 0–10 ಬಾರ್ ಗೇಜಿನಲ್ಲಿ ಎಲ್ಲಿ ಓದಿದರೂ ±0.05 ಬಾರ್, ಹಾಗಾಗಿ 2 ಬಾರ್‌ನಲ್ಲಿ ಓದುವಾಗ ಅದು 2.5 ಶೇಕಡಾ ಆಗುತ್ತದೆ.

ಇನ್ನು ಬ್ಲೋವರ್. ಒಬ್ಬರು ಗಾಳಿಯ ಪ್ರಮಾಣವನ್ನು CFMನಲ್ಲೂ ಇನ್ನೊಬ್ಬರು m³/hನಲ್ಲೂ ಕೊಟ್ಟಿರುವುದರಿಂದ, 1 CFMಗೆ 1.699 m³/h ಎಂದು ಹಿಡಿದು ಒಂದೇ ಮಾನಕ್ಕೆ ತನ್ನಿ. 5,000 CFM ಎಂದರೆ ಸುಮಾರು 8,495 m³/h. ಅದಕ್ಕಿಂತ ಮುಖ್ಯವಾದದ್ದು ಎತ್ತರ. ಡೇಟಾಶೀಟಿನ ವಕ್ರರೇಖೆಯನ್ನು ಘನ ಮೀಟರಿಗೆ 1.2 ಕಿ.ಗ್ರಾಂ. ಸಾಂದ್ರತೆಯ ಗಾಳಿಗೆ ಎಳೆದಿರುತ್ತಾರೆ. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ, ಅದೇ ಉಷ್ಣದಲ್ಲಿ, ಗಾಳಿಯ ಸಾಂದ್ರತೆ ಸುಮಾರು 12 ಶೇಕಡಾ ಕಡಿಮೆ. ಅದೇ ವೇಗದಲ್ಲಿ ಬ್ಲೋವರ್ ಅಷ್ಟೇ ಘನಮೀಟರ್ ಗಾಳಿ ಸಾಗಿಸಿದರೂ ಒತ್ತಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ: 100 ಮಿ.ಮೀ. ನೀರಿನ ಕಂಬದ ಒತ್ತಡ ಸುಮಾರು 88ಕ್ಕೆ ಬರುತ್ತದೆ. ಮೋಟಾರಿನ ರೇಟಿಂಗ್ ಕೂಡ ಸಾಮಾನ್ಯವಾಗಿ 1,000 ಮೀಟರ್ ಎತ್ತರ ಮತ್ತು 40 ಡಿಗ್ರಿ ಸುತ್ತಲ ಉಷ್ಣದವರೆಗೆ ಮಾತ್ರ. ನಮ್ಮ ಬೆಟ್ಟದ ತಂಪು ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದಾದರೂ, ಆ ಮಾತನ್ನು ತಯಾರಕರೇ ಬರೆದುಕೊಡಲಿ. ಕುಶಾಲನಗರ ಆ ಮಿತಿಯ ಕೆಳಗೇ ಇರುವುದರಿಂದ ಇಲ್ಲಿನ ಹಲ್ಲರ್ ಮೋಟಾರಿಗೆ ಈ ಚಿಂತೆಯಿಲ್ಲ.

ಬ್ಲೋವರಿನ ಮೂವರು ಸರಬರಾಜುದಾರರಿಗೂ ಪತ್ರ ಬರೆದು, 1,150 ಮೀಟರ್ ಎತ್ತರಕ್ಕೆ ಲೆಕ್ಕಹಾಕಿದ ಒತ್ತಡ, ಗಾಳಿಯ ಪ್ರಮಾಣ ಮತ್ತು ಮೋಟಾರಿನ ಕಿಲೋವ್ಯಾಟನ್ನು ಸಹಿಯಿರುವ ಡೇಟಾಶೀಟಿನಲ್ಲಿ ತರಿಸಿಕೊಳ್ಳಿ. ಜರಡಿಯ ಎರಡನೆಯ ಸರಬರಾಜುದಾರರಿಂದ ತಿದ್ದಿದ ಡ್ರಾಯಿಂಗ್ ಬರುವವರೆಗೆ ಆ ಆದೇಶವನ್ನು ತಡೆಹಿಡಿಯಿರಿ. ಬೇರಿಂಗ್ ಮತ್ತು ಸೆನ್ಸರಿನ ಆದೇಶವನ್ನು ಮೇಲಿನ ಕೋಡಿನಂತೆ ಈ ವಾರವೇ ಕಳುಹಿಸಲು ನಮ್ಮ ವಿಭಾಗದ ಒಪ್ಪಿಗೆಯಿದೆ.